ಬ್ಯೂರೆಟ್ ತೊಳೆದ ಕಥೆ ಬೇಡ: ಲ್ಯಾಬ್ ಫಲಿತಾಂಶಕ್ಕೆ ಎರಡು ನಿಮಿಷದ ಸ್ಕ್ರಿಪ್ಟ್

ಮೊಬೈಲಿನ ಟೈಮರ್ ಕೂಗಿಕೊಂಡಾಗ ಆ ಹುಡುಗಿ ಇನ್ನೂ ಪಿಪೆಟ್ ಹತ್ತಿರವೇ ಇದ್ದಳು. "ನಂತರ 50 ಮಿಲಿಲೀಟರ್ ನೀರನ್ನು ಕೋನಿಕಲ್ ಫ್ಲಾಸ್ಕಿಗೆ ಹಾಕಿಕೊಂಡೆವು..." ಅನ್ನುವಷ್ಟರಲ್ಲಿ ಎರಡು ನಿಮಿಷ ಮುಗಿದುಹೋಯಿತು. ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ಅವಳು ಹಾಳೆ ಮಡಚಿಕೊಂಡು ಹೋಗಿ ಕೂತಳು. ಅವಳ ಗುಂಪು ಮೂರು ವಾರ ಒದ್ದಾಡಿ ಅಳೆದ ನೀರು ಗಡಸೋ ಮೆದುವೋ ಅನ್ನುವುದು ಕ್ಲಾಸಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ನಾನು ಬಿ.ಎಸ್ಸಿ. ಮೊದಲ ವರ್ಷದವರ ಕೆಮಿಸ್ಟ್ರಿ ಲ್ಯಾಬ್ ನೋಡಿಕೊಳ್ಳುತ್ತೇನೆ. ನಮ್ಮದು ಬಯಲುಸೀಮೆಯ ಊರು. ಬೋರ್‌ವೆಲ್ ನೀರಲ್ಲಿ ಸೋಪು ನೊರೆ ಬರುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ, ಬಕೆಟ್ಟಿನ ಒಳಗೋಡೆಗೆ ಬಿಳಿ ಪೊರೆ ಹಿಡಿದಿರುತ್ತದೆ. ಅದಕ್ಕೇ ನೀರಿನ ಗಡಸುತನ ಅಳೆಯುವ ಪ್ರಯೋಗ ಬಂದಾಗ ಮೂರು ಮೂರು ಜನರ ಎಂಟು ಗುಂಪು ಮಾಡಿ, ಒಂದೊಂದು ಗುಂಪಿಗೂ ಬೇರೆ ಬೇರೆ ನೀರು ಕೊಡುತ್ತೇನೆ. ಕೊನೆಗೆ ಪ್ರತಿ ಗುಂಪಿನಿಂದ ಒಬ್ಬರು ಎದ್ದು ಬಂದು, ತಮಗೆ ಏನು ಕಂಡಿತು ಅಂತ ಎರಡು ನಿಮಿಷದಲ್ಲಿ ಉಳಿದವರಿಗೆ ಹೇಳಬೇಕು. ಕನ್ನಡದಲ್ಲೇ ಹೇಳಿ ಅಂದಿರುತ್ತೇನೆ. ಆದರೂ ಹೆಚ್ಚಿನವರು ಪಿಪೆಟ್ ಹತ್ತಿರವೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಆ ಹುಡುಗಿಗೆ ಮರುದಿನ ಇನ್ನೊಂದು ಅವಕಾಶ ಕೊಟ್ಟೆ. ಸಂಜೆ ಇಬ್ಬರೂ ಕೂತು ಅವಳ ಹಾಳೆಯನ್ನು ಬಿಡಿಸಿ ನೋಡಿದೆವು. ಅದು ಹೇಗೆ ಬದಲಾಯಿತು ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

ಅವಳ ಮೊದಲ ಸ್ಕ್ರಿಪ್ಟ್ ಶುರುವಾಗುತ್ತಿದ್ದುದು ಹೀಗೆ:

"ಎಲ್ಲರಿಗೂ ನಮಸ್ಕಾರ. ನಮ್ಮ ಪ್ರಯೋಗದ ಉದ್ದೇಶವೇನೆಂದರೆ, ಕೊಟ್ಟಿರುವ ನೀರಿನ ಮಾದರಿಯ ಒಟ್ಟು ಗಡಸುತನವನ್ನು ಇ.ಡಿ.ಟಿ.ಎ. ವಿಧಾನದಿಂದ ಕಂಡುಹಿಡಿಯುವುದು. ಬೇಕಾದ ಉಪಕರಣಗಳು: ಬ್ಯೂರೆಟ್, ಪಿಪೆಟ್, ಕೋನಿಕಲ್ ಫ್ಲಾಸ್ಕ್, ಬೀಕರ್, ಫನೆಲ್. ಬೇಕಾದ ರಾಸಾಯನಿಕಗಳು: 0.01 ಮೋಲಾರ್ ಇ.ಡಿ.ಟಿ.ಎ., ಅಮೋನಿಯಾ ಬಫರ್, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಇಂಡಿಕೇಟರ್. ಮೊದಲು ಬ್ಯೂರೆಟ್ಟನ್ನು ಚೆನ್ನಾಗಿ ತೊಳೆದು..."

ಇದರಲ್ಲಿ ತಪ್ಪು ಅಂತ ಒಂದು ಮಾತೂ ಇಲ್ಲ. ಇದು ರೆಕಾರ್ಡ್ ಬುಕ್ಕಿನ ಕ್ರಮ. ರೆಕಾರ್ಡ್ ಬರೆಯುವುದು ನಾಳೆ ಇನ್ಯಾರೋ ಅದನ್ನು ನೋಡಿ ಪ್ರಯೋಗ ಮತ್ತೆ ಮಾಡಲಿ ಅಂತ. ಅದಕ್ಕೇ ಅಲ್ಲಿ ಉದ್ದೇಶ ಮೊದಲು, ಉಪಕರಣ ಆಮೇಲೆ, ಫಲಿತಾಂಶ ಕೊನೆಗೆ. ಕಣ್ಣಿಗೆ ಬೇಕಾದರೆ ಪುಟ ತಿರುಗಿಸಿ ಕೊನೆಯ ಸಾಲಿಗೆ ಹಾರಬಹುದು. ಕಿವಿಗೆ ಆ ಸೌಕರ್ಯ ಇಲ್ಲ. ಹೇಳುವವರು ಬ್ಯೂರೆಟ್ ತೊಳೆಯುವಷ್ಟು ಹೊತ್ತೂ ಕೇಳುವವರು ಅಲ್ಲೇ ನಿಂತಿರಬೇಕು.

ಇನ್ನೂ ಒಂದು ವಿಷಯ. ಮುಂದೆ ಕೂತಿರುವವರು ಯಾರು? ಅವಳ ಕ್ಲಾಸಿನವರೇ. ಅವರೂ ಇದೇ ಟೈಟ್ರೇಷನ್ನನ್ನು ಇದೇ ಮೇಜಿನ ಮೇಲೆ ಮಾಡಿದ್ದಾರೆ. ಅಮೋನಿಯಾ ಬಫರಿನ ವಾಸನೆ ಅವರ ಮೂಗಿಗೂ ಹತ್ತಿದೆ. ವೈನ್ ಕೆಂಪು ಬಣ್ಣ ನೀಲಿಗೆ ತಿರುಗುವುದನ್ನು ಅವರೂ ಕಣ್ಣು ಕಿರಿದು ಮಾಡಿ ನೋಡಿದ್ದಾರೆ. ಅವರಿಗೆ ಗೊತ್ತಿಲ್ಲದೆ ಇರುವುದು ಒಂದೇ: ನಿಮ್ಮ ನೀರಲ್ಲಿ ಏನಿತ್ತು? ಉತ್ತರ ಅದಕ್ಕೆ ಸಿಗಬೇಕು.

ಎರಡು ನಿಮಿಷ ಅಂದರೆ ಎಷ್ಟು ಮಾತು ಅನ್ನುವುದೂ ಹೆಚ್ಚಿನವರಿಗೆ ಅಂದಾಜಿಲ್ಲ. ನಾನು ಟೈಮರ್ ಇಟ್ಟುಕೊಂಡು ಓದಿ ನೋಡಿದ್ದೇನೆ. ಕ್ಲಾಸಿಗೆಲ್ಲ ಕೇಳಿಸುವ ಹಾಗೆ, ಅಲ್ಲಲ್ಲಿ ಉಸಿರು ತೆಗೆದುಕೊಂಡು ಕನ್ನಡ ಓದಿದರೆ ನಿಮಿಷಕ್ಕೆ ನೂರು, ನೂರಹತ್ತು ಪದದ ಹತ್ತಿರ ಬರುತ್ತದೆ. ನಮ್ಮ ಪದಗಳು ಉದ್ದ. "ಕಂಡುಹಿಡಿಯುವುದಕ್ಕಾಗಿ" ಅನ್ನುವುದು ಲೆಕ್ಕಕ್ಕೆ ಒಂದೇ ಪದ, ಬಾಯಿಗೆ ನಾಲ್ಕು. ಹಾಗಾಗಿ ಇಡೀ ಸ್ಕ್ರಿಪ್ಟ್ ಇನ್ನೂರು ಪದದ ಆಸುಪಾಸಿನಲ್ಲಿ ಮುಗಿಯಬೇಕು. ಅವಳ ಹಾಳೆಯಲ್ಲಿ ನಾನೂರು ದಾಟಿತ್ತು. ಬೇಗ ಬೇಗ ಓದಿದರೂ ಮುಗಿಯುವಂಥದ್ದಲ್ಲ ಅದು.

ಕತ್ತರಿ ಆಡಿಸುವ ಮೊದಲು ಯಾವುದು ಉಳಿಯಬೇಕು ಅಂತ ಗೊತ್ತಾಗಬೇಕಲ್ಲ? ಅದಕ್ಕೆ ಅವಳನ್ನು ಒಂದು ಪ್ರಶ್ನೆ ಕೇಳಿದೆ. "ಏನಮ್ಮ, ಇವತ್ತು ರಾತ್ರಿ ಊಟದ ಹೊತ್ತಿಗೆ ನಿನ್ನ ರೂಮ್‌ಮೇಟ್ ಕೇಳ್ತಾಳೆ ಅಂತಿಟ್ಕೊ. ಮೂರು ವಾರ ಲ್ಯಾಬಲ್ಲಿ ಏನು ಮಾಡಿದ್ರೇ ಅಂತ. ಒಂದೇ ಮಾತಲ್ಲಿ ಏನು ಹೇಳ್ತೀಯ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಮ್ಮ ಬೋರ್ ನೀರನ್ನ ಕುದಿಸಿದ್ರೂ ಗಡಸುತನ ಪೂರ್ತಿ ಹೋಗಲ್ಲ ಕಣೇ, ಅರ್ಧಕ್ಕಿಂತ ಜಾಸ್ತಿ ಹಾಗೇ ಇರುತ್ತೆ ಅಂತೀನಿ ಸರ್" ಅಂದಳು.

ಅದೇ. ಸ್ಕ್ರಿಪ್ಟಿನ ಮೊದಲ ಸಾಲು ಅದೇ. ಮೂಲ ಹಾಳೆಯಲ್ಲಿ ಆ ಸಾಲು ಎಲ್ಲೂ ಇರಲಿಲ್ಲ ಅನ್ನುವುದು ತಮಾಷೆ. "ಫಲಿತಾಂಶ" ಅನ್ನುವ ತಲೆಬರಹದ ಕೆಳಗೆ ಬರೀ ಮೂರು ಅಂಕಿ ಇದ್ದವು: ಬೋರ್‌ವೆಲ್ 496.67, ಕುದಿಸಿದ ಬೋರ್‌ವೆಲ್ 296, ನಲ್ಲಿ ನೀರು 124. ಅಂಕಿ ಇದ್ದರೆ ಫಲಿತಾಂಶ ಇದ್ದ ಹಾಗಲ್ಲ. ಆ ಅಂಕಿಗಳು ಒಂದರ ಪಕ್ಕ ಒಂದು ನಿಂತು ಏನೋ ಒಂದು ಹೇಳಬೇಕು.

ಈಗ ಆ 496.67ರ ವಿಷಯಕ್ಕೆ ಬರೋಣ. ಇಲ್ಲಿ ಒಂದು ಪಾಠವೇ ಅಡಗಿದೆ.

ಲೆಕ್ಕ ಸುಲಭ. ಇ.ಡಿ.ಟಿ.ಎ. 0.01 ಮೋಲಾರ್ ಇದ್ದರೆ ಅದರ ಒಂದು ಮಿಲಿಲೀಟರ್ ಅಂದರೆ ಒಂದು ಮಿಲಿಗ್ರಾಂ ಗಡಸುತನ. ಈ ಗಡಸುತನವನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಹೇಳುವುದು ರೂಢಿ. ನೀರು 50 ಮಿಲಿಲೀಟರ್ ತೆಗೆದುಕೊಂಡಿರುವುದರಿಂದ, ಬ್ಯೂರೆಟ್ ರೀಡಿಂಗನ್ನು 20ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ಸಿಗುತ್ತದೆ. ಅವರಿಗೆ ಬಂದ ಮೂರು ರೀಡಿಂಗ್ 25.3, 24.6, 24.6. ಮೂರನ್ನೂ ಕೂಡಿ ಮೂರರಿಂದ ಭಾಗಿಸಿ, 20ರಿಂದ ಗುಣಿಸಿದ್ದಾರೆ. ಕ್ಯಾಲ್ಕುಲೇಟರ್ 496.67 ಅಂದಿದೆ, ಇವರು ಹಾಗೇ ಬರೆದುಕೊಂಡಿದ್ದಾರೆ.

ಆದರೆ ಆ ಮೊದಲ 25.3 ಏನು? "ಅದು ಜಾಸ್ತಿ ಬಿಟ್ಟುಬಿಟ್ವಿ ಸರ್" ಅಂದಳು. ಈ ಇಂಡಿಕೇಟರಿನ ಸ್ವಭಾವವೇ ಹಾಗೆ. ಕೆಂಪು ಮೊದಲು ನೇರಳೆಗೆ ತಿರುಗುತ್ತದೆ, ಆಮೇಲೆ ಕೆಂಪಿನ ಛಾಯೆ ಪೂರ್ತಿ ಹೋಗಿ ನೀಲಿ ನಿಲ್ಲುತ್ತದೆ. ಅಲ್ಲಿ ನಿಲ್ಲಿಸಬೇಕು. ನಿಲ್ಲಿಸದೆ ಇನ್ನೂ ಬಿಟ್ಟರೂ ಬಣ್ಣ ಅದೇ ನೀಲಿ. ನೇರಳೆಯಲ್ಲೇ ನಿಲ್ಲಿಸಿದರೆ ಕಣ್ಣಿಗೆ ಗೊತ್ತಾಗುತ್ತದೆ, ದಾಟಿ ಹೋದರೆ ಗೊತ್ತೇ ಆಗುವುದಿಲ್ಲ. ಆಮೇಲಿನ ಎರಡು ರೀಡಿಂಗ್ ಒಂದೇ ಬಂದು, ಮೊದಲನೆಯದು ಒಂದೇ ದೂರ ಉಳಿದಾಗ ಮಾತ್ರ ಅದು ಸಿಕ್ಕಿಬೀಳುವುದು. ಅದಕ್ಕೇ ಮೊದಲ ರೀಡಿಂಗನ್ನು ಅಂದಾಜಿಗೆ ಅಂತ ಇಟ್ಟುಕೊಂಡು, ಸರಾಸರಿಗೆ ಸೇರಿಸಬಾರದು. 24.6 ಗುಣಿಸು 20, ಅಂದರೆ 492.

ಇನ್ನು ಆ ಪಾಯಿಂಟ್ ಆರು ಏಳು. ನಮ್ಮ ಬ್ಯೂರೆಟ್ಟಿನ ಮೇಲೆ ಗೆರೆ ಇರುವುದು 0.1 ಮಿಲಿಲೀಟರಿಗೆ ಒಂದು. ಒಂದು ಗೆರೆ ಆಚೀಚೆ ಆದರೆ ಉತ್ತರ 2 ಮಿಲಿಗ್ರಾಂ ಆಚೀಚೆ ಆಗುತ್ತದೆ. ಎರಡು ಮಿಲಿಗ್ರಾಮಿಗೇ ಗ್ಯಾರಂಟಿ ಇಲ್ಲದ ಕಡೆ ಮಿಲಿಗ್ರಾಮಿನ ನೂರನೇ ಭಾಗ ಎಲ್ಲಿಂದ ಬಂತು? ರೆಕಾರ್ಡಿನಲ್ಲಿ 492 ಬರೆಯಲಿ. ಬಾಯಲ್ಲಿ ಹೇಳುವಾಗ "ಸುಮಾರು 490" ಸಾಕು. "ನಾನೂರ ತೊಂಬತ್ತಾರು ಪಾಯಿಂಟ್ ಆರು ಏಳು ಮಿಲಿಗ್ರಾಂ ಪರ್ ಲೀಟರ್" ಅಂದರೆ ಹೇಳುವವರಿಗೂ ಉಸಿರು ಕಟ್ಟುತ್ತದೆ, ಕೇಳುವವರಿಗೂ ಏನೂ ಉಳಿಯುವುದಿಲ್ಲ. "ಲೀಟರಿಗೆ ಹತ್ತಿರ ಹತ್ತಿರ ಅರ್ಧ ಗ್ರಾಂ" ಅಂದರೆ ಕೈಯಲ್ಲಿ ಹಿಡಿದ ಹಾಗೆ ಇರುತ್ತದೆ.

ಅಂಕಿ ಒಂಟಿಯಾಗಿ ಬಂದರೆ ಕಿವಿಗೆ ಅದು ದೊಡ್ಡದೋ ಚಿಕ್ಕದೋ ಅಂತ ತಿಳಿಯುವುದಿಲ್ಲ. ಅದಕ್ಕೆ ಒಂದು ಅಳತೆಗೋಲು ಜೊತೆಗೆ ಬೇಕು. ಇಲ್ಲಿ ಅದು ಸಿದ್ಧವಾಗಿಯೇ ಇದೆ. ಕುಡಿಯುವ ನೀರಿಗೆ ಬಿ.ಐ.ಎಸ್. ಮಾಡಿರುವ ಐ.ಎಸ್. 10500 ಅನ್ನುವ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು ಅಂತಿದೆ. ಬೇರೆ ನೀರಿನ ಮೂಲವೇ ಇಲ್ಲದ ಕಡೆ 600ರವರೆಗೆ ಒಪ್ಪಿಕೊಳ್ಳಬಹುದು. 490 ಅನ್ನುವುದು 200 ಮತ್ತು 600ರ ನಡುವೆ ಬಂದು ಕೂತ ತಕ್ಷಣ ಅದಕ್ಕೆ ಅರ್ಥ ಬರುತ್ತದೆ. ಮಾನದಂಡದ ನಂಬರ್, ಇಸವಿ ಎಲ್ಲ ಸ್ಕ್ರಿಪ್ಟಿಗೆ ಬೇಡ. ಯಾರಾದರೂ ಕೇಳಿದರೆ ಹೇಳಲಿ.

ನಲ್ಲಿ ನೀರಿನ 124 ಬಂದಾಗ ಅವಳು ಬಿಡಲು ಒಪ್ಪಲಿಲ್ಲ. "ಅದಕ್ಕೆ ಒಂದು ಇಡೀ ಮಧ್ಯಾಹ್ನ ಹೋಗಿದೆ ಸರ್." ಅರ್ಥವಾಗುತ್ತದೆ. ಕಷ್ಟಪಟ್ಟು ಪಡೆದ ಅಂಕಿ ಬಿಟ್ಟುಕೊಡುವುದು ಸುಲಭ ಅಲ್ಲ. ಆದರೆ ಅವಳ ಮೊದಲ ಸಾಲು ಕುದಿಸುವುದರ ಬಗ್ಗೆ. ಕುದಿಸುವ ಮುಂಚೆ ಎಷ್ಟು, ಆಮೇಲೆ ಎಷ್ಟು, ಅಷ್ಟೇ ಅದಕ್ಕೆ ಬೇಕಾದ ಸಾಕ್ಷಿ. ನಲ್ಲಿ ನೀರು ಬೇರೆ ಕಥೆ. ಅದನ್ನು ಸೇರಿಸಿದರೆ ಕೇಳುವವರು "ಓಹೋ, ಇವರು ಬೋರ್‌ವೆಲ್ ಮತ್ತು ನಲ್ಲಿ ನೀರನ್ನು ಹೋಲಿಸುತ್ತಿದ್ದಾರೆ" ಅಂದುಕೊಂಡು ದಾರಿ ತಪ್ಪುತ್ತಾರೆ. ಕೊನೆಗೆ 124 ರೆಕಾರ್ಡಿನಲ್ಲಿ ಉಳಿಯಿತು, ಸ್ಕ್ರಿಪ್ಟಿನಿಂದ ಹೋಯಿತು.

ಹಾಗಾದರೆ ವಿಧಾನ ಪೂರ್ತಿ ಬಿಡಬೇಕಾ? ಇಲ್ಲ. ಫಲಿತಾಂಶ ನಂಬುವುದೋ ಬೇಡವೋ ಅನ್ನುವುದು ಯಾವ ಹೆಜ್ಜೆಯ ಮೇಲೆ ನಿಂತಿದೆಯೋ ಆ ಒಂದು ಹೆಜ್ಜೆ ಹೇಳಲೇಬೇಕು. ಇವರ ಪ್ರಯೋಗದಲ್ಲಿ ಅಂಥದ್ದೊಂದು ಇತ್ತು, ಅದೂ ಹಾಳೆಯ ಕೊನೆಯಲ್ಲಿ ಪೆನ್ಸಿಲಿನಲ್ಲಿ ಬರೆದು ಹೊಡೆದು ಹಾಕಿತ್ತು. "ಇದೇನಿದು 370?" ಅಂತ ಕೇಳಿದೆ. ಅವಳು ನಾಚಿಕೊಂಡಳು. "ಅದು ನಮ್ಮ ತಪ್ಪು ಸರ್."

ಆಗಿದ್ದು ಇಷ್ಟು. 250 ಮಿಲಿಲೀಟರ್ ಬೋರ್‌ವೆಲ್ ನೀರು ಬೀಕರಿನಲ್ಲಿ ಹಾಕಿ ಕುದಿಸಿದ್ದಾರೆ. ಇಳಿಸಿ, ಆರಿಸಿ, ಸೋಸಿದ್ದಾರೆ. ಅದರಿಂದ 50 ಮಿಲಿಲೀಟರ್ ಪಿಪೆಟ್ ಮಾಡಿ ಟೈಟ್ರೇಟ್ ಮಾಡಿದಾಗ 18.5 ಬಂದಿದೆ, ಅಂದರೆ 370. ಆದರೆ ಕುದಿಯುವಾಗ ನೀರು ಆವಿಯಾಗಿ ಹೋಗಿ 250 ಇದ್ದಿದ್ದು 200 ಆಗಿತ್ತು. ನೀರು ಹೋಗುತ್ತದೆ, ಅದರಲ್ಲಿ ಕರಗಿದ ಲವಣ ಆವಿಯ ಜೊತೆ ಹೋಗುವುದಿಲ್ಲ. ಸಾರನ್ನು ಜಾಸ್ತಿ ಹೊತ್ತು ಒಲೆ ಮೇಲೆ ಬಿಟ್ಟರೆ ಉಪ್ಪಾಗುತ್ತದಲ್ಲ, ಹಾಗೆ. ಗಡಸುತನ ನಿಜಕ್ಕೂ ಇಳಿದಿದ್ದರೂ, ನೀರು ಬತ್ತಿದ್ದರಿಂದ ಜಾಸ್ತಿ ಕಾಣಿಸಿತು. ಎರಡನೇ ಸಲ ಸೋಸಿದ ನೀರಿಗೆ ಡಿಸ್ಟಿಲ್ಡ್ ವಾಟರ್ ಸೇರಿಸಿ ಮತ್ತೆ ಸರಿಯಾಗಿ 250 ಮಾಡಿ ಅಳೆದರು. 14.8 ಬಂತು. ಅಂದರೆ 296.

ಬೇಕಿದ್ದರೆ ತಾಳೆ ನೋಡಿ. 296ನ್ನು 250ರಿಂದ ಗುಣಿಸಿ 200ರಿಂದ ಭಾಗಿಸಿದರೆ ಸರಿಯಾಗಿ 370. ತಪ್ಪು ಎಲ್ಲಿಂದ ಬಂತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? ಲ್ಯಾಬಿನಲ್ಲಿ ಇಷ್ಟು ಚೊಕ್ಕವಾಗಿ ಲೆಕ್ಕ ಕೂಡಿಬರುವುದು ಅಪರೂಪ, ಅದೃಷ್ಟ ಅನ್ನಿ.

ಅವಳು ಮುಚ್ಚಿಡಲು ಹೊರಟಿದ್ದ ಈ ತಪ್ಪೇ ಸ್ಕ್ರಿಪ್ಟಿನ ನಡುಭಾಗ ಆಯಿತು. ಅದಕ್ಕೆ ಎರಡು ಕಾರಣ. ಒಂದು, ಕ್ಲಾಸಿನಲ್ಲಿ ಚುರುಕಾದವರು ಕೇಳುವ ಮೊದಲ ಪ್ರಶ್ನೆಯೇ ಇದು: "ಕುದಿಸಿದರೆ ನೀರು ಕಮ್ಮಿ ಆಗುತ್ತಲ್ಲ, ಅದಕ್ಕೇನು ಮಾಡಿದ್ರಿ?" ಇನ್ನೊಂದು, ಅವರ ಪ್ರಯೋಗದಲ್ಲಿ ಉಳಿದ ಏಳು ಗುಂಪಿಗೆ ಹೊಸದು ಅನ್ನಿಸುವ ಹೆಜ್ಜೆ ಇದೊಂದೇ.

ಆಮೇಲೆ, ಕಾರಣ ಹೇಳುವ ಜಾಗ. ಮಕ್ಕಳು ಕಾಲು ಜಾರುವುದು ಇಲ್ಲೇ. ಅವಳ ಮೊದಲ ಹಾಳೆಯಲ್ಲಿ, "ಇದರಿಂದ ತಾತ್ಕಾಲಿಕ ಗಡಸುತನ 200.67, ಶಾಶ್ವತ ಗಡಸುತನ 296 ಎಂದು ಸಾಬೀತಾಯಿತು" ಅಂತಿತ್ತು. ಪಠ್ಯದಲ್ಲಿ ಹೀಗೇ ಲೆಕ್ಕ ಹಾಕಿಸುತ್ತಾರೆ, ಅಲ್ವಾ? ನೀರಿನಲ್ಲಿ ಬೈಕಾರ್ಬೊನೇಟ್ ಇದ್ದರೆ ಕುದಿಸಿದಾಗ ಅದು ಒಡೆದು, ಕಾರ್ಬನ್ ಡೈ ಆಕ್ಸೈಡ್ ಹಾರಿಹೋಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ತಳಕ್ಕೆ ಕೂರುತ್ತದೆ. ಅದು ತಾತ್ಕಾಲಿಕ. ಸಲ್ಫೇಟ್, ಕ್ಲೋರೈಡ್ ರೂಪದಲ್ಲಿರುವುದು ಕುದಿಸಿದರೆ ಹೋಗುವುದಿಲ್ಲ. ಅದು ಶಾಶ್ವತ. ಇದು ಸರಿಯೇ. ಆದರೆ ಇವರು ಅಳೆದಿರುವುದು ಸಲ್ಫೇಟನ್ನೂ ಅಲ್ಲ, ಕ್ಲೋರೈಡನ್ನೂ ಅಲ್ಲ. ಕುದಿಸಿದ ಮೇಲೆ ಎಷ್ಟು ಉಳಿಯಿತು ಅನ್ನುವುದನ್ನು ಮಾತ್ರ. ಆ ಉಳಿದದ್ದರಲ್ಲಿ ಕರಗಿಯೇ ಇರುವ ಅಷ್ಟಿಷ್ಟು ಕಾರ್ಬೊನೇಟ್ ಕೂಡ ಸೇರಿರುತ್ತದೆ, ಇನ್ನೂ ಸ್ವಲ್ಪ ಹೊತ್ತು ಕುದಿಸಿದ್ದರೆ ಕೆಳಗೆ ಕೂರುತ್ತಿದ್ದದ್ದೂ ಇರಬಹುದು.

ಹಾಗಾಗಿ "ಸಾಬೀತಾಯಿತು" ತೆಗೆದೆವು. ಕಣ್ಣಿಗೆ ಕಂಡಿದ್ದನ್ನು ಕಂಡಿತು ಅಂತ, ಅಳೆದಿದ್ದನ್ನು ಅಳೆದೆವು ಅಂತ, ಊಹಿಸಿದ್ದನ್ನು ಊಹೆ ಅಂತ ಬೇರೆ ಬೇರೆ ಹೇಳುವುದು. ಬಿಳಿ ಪೊರೆ ಕಂಡಿತು, 296 ಅಳೆದೆವು, ಸಲ್ಫೇಟ್ ಇರಬೇಕು ಅನ್ನುವುದು ಊಹೆ. ಮೂರಕ್ಕೂ ಮೂರು ಬೇರೆ ಕ್ರಿಯಾಪದ. ಕನ್ನಡದಲ್ಲಿ ಇದಕ್ಕೆ ಜಾಸ್ತಿ ಪದ ಖರ್ಚಾಗುವುದೂ ಇಲ್ಲ. "ಇದೆ" ಅನ್ನುವ ಜಾಗದಲ್ಲಿ "ಇರಬೇಕು" ಅಂದರೆ ಮುಗಿಯಿತು.

ಇಷ್ಟೆಲ್ಲ ಆದ ಮೇಲೆ ಬರೆದ ಸ್ಕ್ರಿಪ್ಟ್ ಇದು. ಬೋರ್ಡಿನ ಮೇಲೆ ಮೊದಲೇ ಎರಡು ಸಾಲು ಬರೆದಿಟ್ಟಿದ್ದಳು: "ಕುದಿಸುವ ಮುಂಚೆ 492, ಕುದಿಸಿದ ಮೇಲೆ 296."

"ನಮ್ಮ ಹಾಸ್ಟೆಲ್ ಬೋರ್‌ವೆಲ್ ನೀರನ್ನು ಹತ್ತು ನಿಮಿಷ ಕುದಿಸಿದರೂ, ಅದರ ಗಡಸುತನದಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಗೇ ಉಳಿಯುತ್ತದೆ. ನಾವು ಕಂಡಿದ್ದು ಇದು.

ಬೋರ್ಡ್ ನೋಡಿ. ಕುದಿಸುವ ಮುಂಚೆ ಲೀಟರಿಗೆ ಸುಮಾರು 490 ಮಿಲಿಗ್ರಾಂ. ಅಂದರೆ ಹತ್ತಿರ ಹತ್ತಿರ ಅರ್ಧ ಗ್ರಾಂ. ಕುಡಿಯುವ ನೀರಿಗೆ ಬಿ.ಐ.ಎಸ್. ಹೇಳುವುದು 200. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ನಮ್ಮದು ಆ ಎರಡರ ನಡುವೆ ಇದೆ.

ಅದೇ ನೀರನ್ನು ಕುದಿಸಿ ಸೋಸಿದಾಗ ಸುಮಾರು 300ಕ್ಕೆ ಇಳಿಯಿತು. ನೂರರಲ್ಲಿ ನಲವತ್ತು ಭಾಗ ಹೋಯಿತು, ಅರವತ್ತು ಉಳಿಯಿತು.

ಟೈಟ್ರೇಷನ್ ನೀವೆಲ್ಲ ಮಾಡಿದ್ದೇ. ನಮ್ಮಲ್ಲಿ ಬೇರೆ ಇದ್ದಿದ್ದು ಒಂದು ಹೆಜ್ಜೆ. ಕುದಿಯುವಾಗ ನೀರು ಆವಿಯಾಗಿ ಹೋಗುತ್ತದೆ, ಲವಣ ಹೋಗುವುದಿಲ್ಲ. ನಾವು 250 ಮಿಲಿಲೀಟರ್ ಇಟ್ಟಿದ್ದೆವು, ಇಳಿಸಿದಾಗ 200 ಇತ್ತು. ಮೊದಲ ಸಲ ಅದನ್ನೇ ಅಳೆದು 370 ಅಂತ ತಪ್ಪು ಉತ್ತರ ಪಡೆದೆವು. ಆಮೇಲೆ ಡಿಸ್ಟಿಲ್ಡ್ ವಾಟರ್ ಸೇರಿಸಿ ಮತ್ತೆ 250 ಮಾಡಿ ಅಳೆದೆವು. ಬೋರ್ಡಿನ ಮೇಲಿರುವುದು ಆ ಅಂಕಿ.

ಹೋದ ನಲವತ್ತು ಭಾಗ ಎಲ್ಲಿ ಹೋಯಿತು? ಬೀಕರಿನ ತಳದಲ್ಲಿ ಬಿಳಿ ಪೊರೆ ಕೂತಿತ್ತು. ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿರಬೇಕು. ಉಳಿದದ್ದು ಹೆಚ್ಚಾಗಿ ಸಲ್ಫೇಟ್, ಕ್ಲೋರೈಡ್ ಇರಬಹುದು, ಆದರೆ ಅವನ್ನು ನಾವು ಅಳೆದಿಲ್ಲ.

ಪ್ರತಿ ನೀರಿಗೂ ಒಂದೇ ಬಂದ ಎರಡು ರೀಡಿಂಗ್ ತೆಗೆದುಕೊಂಡಿದ್ದೇವೆ. ಒಂದು ಗೆರೆ ತಪ್ಪಿದರೂ ಎರಡು ಮಿಲಿಗ್ರಾಂ ಆಚೀಚೆ ಆಗಬಹುದು, ಇನ್ನೂರರ ವ್ಯತ್ಯಾಸ ಅದರಿಂದ ಬರುವುದಿಲ್ಲ. ಆದರೆ ಇದು ಒಂದೇ ಬೋರ್‌ವೆಲ್, ಒಂದೇ ದಿನ ಹಿಡಿದ ನೀರು. ಬೇಸಿಗೆಯಲ್ಲಿ ಹೇಗಿರುತ್ತದೋ ನಮಗೆ ಗೊತ್ತಿಲ್ಲ.

ಕುದಿಸಿದರೆ ಗಡಸುತನ ಇಳಿಯುತ್ತದೆ, ಹೋಗುವುದಿಲ್ಲ. ಪ್ರಶ್ನೆ ಇದ್ದರೆ ಕೇಳಿ."

ಇಷ್ಟೇ. ಎಣಿಸಿದರೆ ನೂರ ಅರವತ್ತು ಪದದ ಹತ್ತಿರ ಬರುತ್ತದೆ, ಇನ್ನೂರರ ಒಳಗೇ. ಮೊದಲ ಸಲ ಓದಿದಾಗ ಒಂದು ನಿಮಿಷ ಮೂವತ್ತು ಸೆಕೆಂಡಿಗೇ ಮುಗಿಸಿದಳು. ಅದು ಗಾಬರಿಯ ಓಟ. ಗಾಬರಿಯಾದಾಗ ಎಲ್ಲರೂ ವೇಗ ಹೆಚ್ಚಿಸುತ್ತಾರೆ. ಅಂಕಿ ಹೇಳಿದ ಮೇಲೆ ಒಂದು ಉಸಿರು ನಿಲ್ಲು, ಬೋರ್ಡಿನ ಕಡೆ ಕೈ ತೋರಿಸು ಅಂದೆ. ಎರಡು ಕಡೆ ನಿಂತರೆ ಸಾಕಿತ್ತು: 490 ಆದ ಮೇಲೆ, "ಅರವತ್ತು ಉಳಿಯಿತು" ಆದ ಮೇಲೆ. ಹಾಳೆಯಲ್ಲಿ ಆ ಎರಡು ಜಾಗಕ್ಕೆ ಕೆಂಪು ಪೆನ್ನಿನಿಂದ ಉದ್ದ ಗೆರೆ ಎಳೆದುಕೊಂಡಳು. ಆಗ ಒಂದು ನಿಮಿಷ ಐವತ್ತು ಸೆಕೆಂಡ್ ಬಂತು. ಹತ್ತು ಸೆಕೆಂಡ್ ಉಳಿಸಿಕೊಳ್ಳುವುದು ಒಳ್ಳೆಯದು. ಬೋರ್ಡ್ ಹತ್ತಿರ ನಡೆದು ಹೋಗುವುದಕ್ಕೂ ಹೊತ್ತು ಹಿಡಿಯುತ್ತದೆ.

ಬೋರ್ಡಿನ ವಿಷಯ ಬಂದಿದ್ದಕ್ಕೆ ಒಂದು ಮಾತು. ಬಾಯಲ್ಲಿ 490, ಬೋರ್ಡಿನಲ್ಲಿ 492. ಇದು ಗೊಂದಲ ಅಲ್ವಾ ಅಂತ ಅವಳ ಗುಂಪಿನ ಹುಡುಗ ಕೇಳಿದ. ನನಗೆ ಹಾಗೆ ಅನ್ನಿಸುವುದಿಲ್ಲ. ನಿಖರವಾದ ಅಂಕಿ ಬರೆದುಕೊಳ್ಳಬೇಕಾದವರಿಗೆ ಬೋರ್ಡ್ ಇದೆ. ಕಿವಿಗೆ ದುಂಡಗಿನ ಅಂಕಿ. "ಸುಮಾರು" ಅನ್ನುವ ಪದ ಎರಡನ್ನೂ ಜೋಡಿಸುತ್ತದೆ. ಆ ಪದ ಮಾತ್ರ ಬಿಡಬಾರದು.

ಇನ್ನು ಬಾಯಿಪಾಠ. ಪೂರ್ತಿ ಉರು ಹೊಡೆದರೆ ಒಂದು ಪದ ಮರೆತರೂ ಗಾಡಿ ನಿಂತುಬಿಡುತ್ತದೆ. ಅವಳಿಗೆ ಮೊದಲ ಸಾಲು, ಕೊನೆಯ ಸಾಲು ಮಾತ್ರ ಬಾಯಿಗೆ ಬರಲಿ ಅಂದೆ. ನಡುವೆ ಐದು ಮಾತು ಒಂದು ಚೀಟಿಯಲ್ಲಿ: ಮುಂಚೆ-ಆಮೇಲೆ, ಬತ್ತಿದ ನೀರು, ಬಿಳಿ ಪೊರೆ, ಎರಡು ರೀಡಿಂಗ್, ಒಂದೇ ದಿನ. ಚೀಟಿ ನೋಡಿಕೊಂಡು ಹೇಳಿದಾಗ "ಉಳಿಯುತ್ತದೆ" ಹೋಗಿ "ಉಳಿಯುತ್ತೆ" ಆಯಿತು. "ತೆಗೆದುಕೊಂಡಿದ್ದೇವೆ" ಹೋಗಿ "ತಗೊಂಡಿದ್ದೀವಿ" ಆಯಿತು. ಆಗಲಿ. ಎದುರಿಗೆ ಕೂತವರು ಅವಳ ಗೆಳತಿಯರೇ.

ಮರುದಿನ ಮಾತಾಡಿದಳು. ಟೈಮರ್ ಕೂಗುವ ಮೊದಲೇ ಮುಗಿಯಿತು. ಹಿಂದಿನ ಬೆಂಚಿನಿಂದ ಒಬ್ಬ ಕೈ ಎತ್ತಿದ, ಹಿಂದಿನ ದಿನ ನಕ್ಕವನೇ ಇರಬೇಕು. "ಹತ್ತು ನಿಮಿಷ ಯಾಕೆ? ಅರ್ಧ ಗಂಟೆ ಕುದಿಸಿದ್ರೆ?"

"ಇನ್ನೂ ಸ್ವಲ್ಪ ಇಳಿಯಬಹುದು. ನಾವು ಹತ್ತೇ ನಿಮಿಷ ಕುದಿಸಿದ್ದು" ಅಂದಳು.

"ಹಾಗಾದ್ರೆ ಹಾಸ್ಟೆಲ್‌ಗೆ ಫಿಲ್ಟರ್ ಹಾಕಿಸ್ಬೇಕು ಅಂತೀಯಾ?"

ಅವಳು ಒಂದು ಸಲ ನನ್ನ ಕಡೆ ನೋಡಿದಳು. ಆಮೇಲೆ ಅವನಿಗೇ ಹೇಳಿದಳು. "ಫಿಲ್ಟರ್ ನೀರು ನಾವು ಅಳೆದಿಲ್ಲ ಕಣೋ. ತಂದುಕೊಡು, ಅಳೆದು ಹೇಳ್ತೀವಿ."